ಕನ್ನಡ ಆವೃತ್ತಿ ತಳದಲ್ಲಿದೆ, ದಯವಿಟ್ಟು ಅಗೆದುಕೊಳ್ಳಿ

ಎರಡು ಭಾಷೆಯಲ್ಲಿ ಪತ್ರ ಬರೆಯುವ ಕಲೆ ಎಲ್ಲಿಗೆ ಮುಟ್ಟಿದೆ ಎಂದು ತಿಳಿಯಬೇಕಾದರೆ, ಕಚೇರಿಗಳಿಂದ ಬರುವ ವಿದ್ಯುತ್ ನಿಲುಗಡೆಯ ಇಮೇಲನ್ನು ಮೊಬೈಲಿನಲ್ಲಿ ತೆರೆದು ನೋಡಬೇಕು. ಮೊದಲು ಅರ್ಧ ಪರದೆಯ ಲಾಂಛನ. ಆಮೇಲೆ ನಾಲ್ಕು ಪ್ಯಾರಾ ಇಂಗ್ಲಿಷ್, ಸಹಿ, ಹುದ್ದೆ, ಮರ ಉಳಿಸಿ ಎಂಬ ಹಸಿರು ಎಲೆ, ‘ಈ ಸಂದೇಶ ಗೌಪ್ಯ’ ಎಂಬ ಕಾನೂನು ಎಚ್ಚರಿಕೆ. ಇಷ್ಟೂ ದಾಟಿ ಬಂದ ಪುಣ್ಯವಂತರಿಗೆ ‘ಮಾನ್ಯ ಗ್ರಾಹಕರೇ’ ದರ್ಶನ.

ಸಹಿ ಕಂಡರೆ ಪತ್ರ ಮುಗಿಯಿತು ಎಂದು ನಮಗೆ ಶಾಲೆಯಲ್ಲೇ ಹೇಳಿಕೊಟ್ಟಿದ್ದಾರೆ. ಕಚೇರಿ ಈ ಶಿಕ್ಷಣವನ್ನು ಚೆನ್ನಾಗಿ ಬಳಸಿಕೊಂಡಿದೆ: ಕನ್ನಡ ಹಾಕಿದಂತೆಯೂ ಆಯಿತು, ಯಾರೂ ಓದದಂತೆಯೂ ಆಯಿತು.

ಅಪ್ಪಿತಪ್ಪಿ ಯಾರಾದರೂ ಓದಿಬಿಟ್ಟರೆ? ಅದಕ್ಕೂ ವ್ಯವಸ್ಥೆಯಿದೆ. ಇಮೇಲಿನ ಪಠ್ಯ, ವಿನ್ಯಾಸ ಎರಡನ್ನೂ ಹೊತ್ತ ಎಚ್‌ಟಿಎಂಎಲ್ ಸುಮಾರು 102 ಕೆಬಿ ದಾಟಿದರೆ ಜಿಮೇಲ್ ಉಳಿದದ್ದನ್ನು ಕತ್ತರಿಸಿ, ‘View entire message’ ಎಂಬ ಸಣ್ಣ ಕೊಂಡಿ ಮಾತ್ರ ತೋರಿಸುತ್ತದೆ. ಕತ್ತರಿ ಬೀಳುವುದು ಬುಡಕ್ಕೆ, ಬುಡದಲ್ಲಿರುವುದು ಕನ್ನಡ. ಜಿಮೇಲನ್ನು ಇಂಗ್ಲಿಷಿನಲ್ಲಿಟ್ಟುಕೊಂಡವರಿಗೆ ಕನ್ನಡ ಎಲ್ಲಿ ಹೋಯಿತೆಂಬ ಸುಳಿವೂ ಇಂಗ್ಲಿಷಿನಲ್ಲೇ ಸಿಗುತ್ತದೆ.

‘ಕನ್ನಡ ಅಕ್ಷರ ಭಾರ ಸ್ವಾಮೀ’ ಎಂಬುದು ತಾಂತ್ರಿಕ ವಿಭಾಗದ ಸಮಜಾಯಿಷಿ. ಒಂದರ್ಥದಲ್ಲಿ ನಿಜ. ಕಂಪ್ಯೂಟರು ಅಕ್ಷರಗಳನ್ನು ಕೂಡಿಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು. ‘ಕ್ಷ’ದಲ್ಲಿ ಕ, ವಿರಾಮ, ಷ ಸೇರಿ ಒಂಬತ್ತು. ಆದರೂ 1,500 ಸಂಕೇತಗಳ ಪೂರ್ತಿ ಪ್ರಕಟಣೆ 4.5 ಕೆಬಿ ಆಸುಪಾಸಿನಲ್ಲಿ ಮುಗಿಯುತ್ತದೆ. ಉಳಿದ ತೂಕ ವರ್ಡ್‌ನಿಂದ ನೇರವಾಗಿ ತಂದು ಅಂಟಿಸಿದ್ದರ ಫಲ. ಕನ್ನಡದ ನಡುವೆ ಇಂಗ್ಲಿಷ್ ಪದ ಅಥವಾ ಅಂಕಿ ಬಂದಲ್ಲೆಲ್ಲ ಅದು ಫಾಂಟು, ಗಾತ್ರ, ಬಣ್ಣವನ್ನು ಮತ್ತೆ ಮತ್ತೆ ಬರೆದುಕೊಳ್ಳುತ್ತದೆ. Ctrl+Shift+V ಒತ್ತಿ ಬರಿಯ ಪಠ್ಯ ಅಂಟಿಸಿ, ಶೀರ್ಷಿಕೆಯನ್ನಷ್ಟೇ ದಪ್ಪಗೆ ಮಾಡಿದರೆ ಈ ಭಾರ ಇಳಿಯುತ್ತದೆ. ಆದರೆ ಅದಕ್ಕೆ ಟೆಂಡರ್ ಕರೆಯಲಾಗುವುದಿಲ್ಲ.

ಸುಧಾರಣಾವಾದಿ ಅಧಿಕಾರಿಗಳೂ ಇದ್ದಾರೆ. ಸಮಾನತೆ ಬೇಕೆಂದು ಅವರು ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಇಟ್ಟು ಎರಡು ಕಂಬಸಾಲು ಮಾಡುತ್ತಾರೆ. ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆಯಷ್ಟು ಚೆಂದ. 360 ಪಿಕ್ಸೆಲ್ ಅಗಲದ ಮೊಬೈಲಿನಲ್ಲಿ ಅಂಚು ಕಳೆದು ಒಂದೊಂದು ಕಂಬಸಾಲಿಗೆ ದಕ್ಕುವುದು 160ರಷ್ಟು. ಅಲ್ಲಿ ‘ಸ್ಥಗಿತಗೊಳಿಸಲಾಗುವುದೆಂದು’ ಎಂಬ ಒಂದೇ ಪದ ಸಾಲನ್ನೆಲ್ಲ ನುಂಗಿ ನೀರು ಕುಡಿಯುತ್ತದೆ. ಇನ್ನು ಕೆಲವರದು ಒಂದು ಪ್ಯಾರಾ ಇಂಗ್ಲಿಷ್, ಒಂದು ಪ್ಯಾರಾ ಕನ್ನಡ ಎಂಬ ಸರದಿ. ಎರಡೂ ಕಡೆಯ ಓದುಗರು ಕಪ್ಪೆಯಂತೆ ಕುಪ್ಪಳಿಸುತ್ತ ಓದಬೇಕು. ಮೇಲೆ ‘ಕನ್ನಡಕ್ಕೆ ಇಲ್ಲಿ ಒತ್ತಿ’ ಎಂದು ಬರೆದು ಕೈತೊಳೆದುಕೊಳ್ಳುವವರೂ ಉಂಟು. ಇಮೇಲಿನ ಒಳಗೇ ಜಿಗಿಸುವ ಇಂಥ ಕೊಂಡಿ ಒಂದು ಆ್ಯಪಿನಲ್ಲಿ ಜಿಗಿಯುತ್ತದೆ, ಇನ್ನೊಂದರಲ್ಲಿ ಕಲ್ಲಿನಂತೆ ಕೂತಿರುತ್ತದೆ.

ವಿಷಯದ ಸಾಲಿನ ಕತೆ ಬೇರೆ. ಮೊಬೈಲಿನ ಪಟ್ಟಿಯಲ್ಲಿ ಕಾಣುವುದು ಹೆಚ್ಚೆಂದರೆ ಮೂವತ್ತೈದು ನಲವತ್ತು ಅಕ್ಷರ. ಅದರಲ್ಲಿ ಬಹುಪಾಲನ್ನು ‘ಇಂಟಿಮೇಶನ್ ರಿಗಾರ್ಡಿಂಗ್ ಶೆಡ್ಯೂಲ್ಡ್’ ತಿಂದುಹಾಕುತ್ತದೆ. ಏನು ಶೆಡ್ಯೂಲ್ ಆಗಿದೆ ಎಂಬುದು ಇಂಗ್ಲಿಷ್ ಬಲ್ಲವರಿಗೂ ಗೊತ್ತಾಗುವುದಿಲ್ಲ. ಈ ಒಂದು ವಿಚಾರದಲ್ಲಿ ಭಾಷಾ ತಾರತಮ್ಯವಿಲ್ಲ ಎಂದು ಒಪ್ಪಿಕೊಳ್ಳಬೇಕು.

ಕೆನಡಾ ಸರ್ಕಾರದ ಪತ್ರಗಳಲ್ಲಿ ಇಂಗ್ಲಿಷ್ ಮೊದಲಿದ್ದರೆ, ‘ಫ್ರೆಂಚ್ ಮುಂದಿದೆ’ ಎಂಬ ಸಾಲು ಫ್ರೆಂಚಿನಲ್ಲೇ ನೆತ್ತಿಯ ಮೇಲಿರುವುದು ರೂಢಿ. ಅದೇ ದಾರಿಯಲ್ಲಿ ನಮ್ಮ ನಿಲುಗಡೆಯ ಪತ್ರ ಹೀಗೆ ಶುರುವಾದರೆ ಬೆಸ್ಕಾಂ ಲೈನ್ ಹರಿದುಬೀಳುವುದೇನಿಲ್ಲ:

```
ವಿಷಯ: ಮಂಗಳವಾರ ಕರೆಂಟ್ ಇಲ್ಲ | No power Tue

ಮಂಗಳವಾರ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಕರೆಂಟ್ ಇರುವುದಿಲ್ಲ.
No power Tuesday, 10 am to 4 pm.
English version below the line.
```

ಲಾಂಛನಕ್ಕಿಂತ ಮೇಲೆ ಈ ಸಾಲುಗಳು. ಪಟ್ಟಿಯಲ್ಲಿ ವಿಷಯದ ಪಕ್ಕದಲ್ಲೋ ಕೆಳಗೋ ಇಣುಕುವುದೂ ಪತ್ರದ ಈ ಮೊದಲ ಮಾತೇ. ಆಮೇಲೆ ಕನ್ನಡ ಪೂರ್ತಿ, ಒಂದು ದಪ್ಪ ಗೆರೆ, ‘English’ ಎಂಬ ದೊಡ್ಡ ಶೀರ್ಷಿಕೆ, ಇಂಗ್ಲಿಷ್ ಪೂರ್ತಿ. ಸಹಿಯೂ ಕಾನೂನು ಎಚ್ಚರಿಕೆಯೂ ಎರಡೂ ಭಾಷೆ ಮುಗಿದ ಮೇಲೆ, ಒಂದೇ ಸಲ. ಕನ್ನಡ ಭಾಗಕ್ಕೆ `lang="kn"` ಎಂದು ಗುರುತು ಹಾಕಿದರೆ, ಕನ್ನಡ ದನಿ ಇರುವ ಸ್ಕ್ರೀನ್ ರೀಡರ್ ಅದನ್ನು ಕನ್ನಡವಾಗಿಯೇ ಓದುವ ಸಾಧ್ಯತೆ ಹೆಚ್ಚು. ಸಾಲಿನ ಎತ್ತರ ಅಕ್ಷರದ ಒಂದೂವರೆ ಪಟ್ಟು ಇರಲಿ. ಇಕ್ಕಟ್ಟಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಗುದ್ದುತ್ತದೆ.

ಇದನ್ನೆಲ್ಲ ಯಾರಾದರೂ ಟಿಪ್ಪಣಿ ಮಾಡಿ ಮೇಲಕ್ಕೆ ಕಳಿಸಿದರೂ ಕಡತ ತಿರುಗಿ ಬರುತ್ತದೆ. ಕರಡು ಇಮೇಲನ್ನು ಪರೀಕ್ಷೆಗೆ ಕಳಿಸುವುದು ಹಿರಿಯ ಅಧಿಕಾರಿಗೆ. ಸಾಹೇಬರು ಅದನ್ನು ಇಪ್ಪತ್ತನಾಲ್ಕು ಇಂಚಿನ ಪರದೆಯಲ್ಲಿ ತೆರೆದು, ಲಾಂಛನದ ಬಣ್ಣ ಸರಿಯಿದೆಯೇ ನೋಡಿ, ‘ಅಪ್ರೂವ್ಡ್’ ಎಂದು ಬರೆಯುತ್ತಾರೆ. ಕೆಳಗೆ ಸರಿಸುವುದು ಅವರ ಹುದ್ದೆಯ ಕೆಲಸವಲ್ಲ.