ಸ್ಕ್ರಿಪ್ಟಿನೊಳಗೆ ‘ಹೇಳ್ರಿ ಅಣ್ಣಾರ’ ಬರಬೇಕೆ?

ಹುಬ್ಬಳ್ಳಿಯಲ್ಲಿ ಬೋರ್‌ವೆಲ್ ಮೋಟರುಗಳ ದೂರು ಕೇಳುವ ಒಂದು ಫೋನ್ ಕೇಂದ್ರವಿದೆ. ಕರೆ ಮಾಡುವವರಲ್ಲಿ ಹೆಚ್ಚಿನವರು ಧಾರವಾಡ, ಗದಗ, ಹಾವೇರಿ ಕಡೆಯ ರೈತರು. ಕರೆ ಎತ್ತಿದವರು ಏನು ಹೇಳಬೇಕು, ಏನು ಕೇಳಬೇಕು ಎಂದು ಬರೆದಿಟ್ಟ ಅಲ್ಲಿನ ಸ್ಕ್ರಿಪ್ಟನ್ನು ಅನುವಾದದ ಕನ್ನಡದಿಂದ ಬಿಡಿಸಿ ಈ ಭಾಗದ ಆಡುಮಾತಿಗೆ ತರುವುದು ಸರಿಯೇ ಎಂಬ ಬಗ್ಗೆ, ಅದನ್ನು ತಿದ್ದಿದವರೊಬ್ಬರೂ ಕರೆಗಳ ರೆಕಾರ್ಡಿಂಗ್ ಕೇಳಿ ಅಂಕ ಕೊಡುವವರೊಬ್ಬರೂ ಬರೆದದ್ದು ಇಲ್ಲಿದೆ.

ಪರ

ಹಳೆಯ ಸ್ಕ್ರಿಪ್ಟಿನ ಮೊದಲ ಸಾಲು ಹೀಗಿತ್ತು: “ನಮ್ಮ ಗ್ರಾಹಕ ಸೇವಾ ಕೇಂದ್ರಕ್ಕೆ ಕರೆ ಮಾಡಿದ್ದಕ್ಕಾಗಿ ಧನ್ಯವಾದಗಳು, ನಾನು ತಮಗೆ ಹೇಗೆ ಸಹಾಯ ಮಾಡಬಹುದು?” ಇದರಲ್ಲಿ ವ್ಯಾಕರಣದ ತಪ್ಪಿಲ್ಲ, ಮರ್ಯಾದೆಗೂ ಕೊರತೆಯಿಲ್ಲ. ಆದರೆ ರೋಣದ ಕಡೆಯ ರೈತ ಇದನ್ನು ಕೇಳಿ ಸುಮ್ಮನೆ ಕಾಯುತ್ತಾನೆ. ಇದು ಮೊದಲೇ ತುಂಬಿಟ್ಟ ಧ್ವನಿ, ಇನ್ನೇನು ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಎನ್ನುತ್ತದೆ ಎಂದುಕೊಳ್ಳುತ್ತಾನೆ. ಈಚೆ ಕುಳಿತ ಹುಡುಗಿ ಎರಡು ಸಲ ‘ಹಲೋ’ ಎಂದ ಮೇಲೆಯೇ ಅವನಿಗೆ ಎದುರಿಗೆ ಮನುಷ್ಯರಿದ್ದಾರೆಂದು ತಿಳಿಯುತ್ತದೆ. ಅದರ ಬದಲು “ನಮಸ್ಕಾರ್ರಿ, ಮೋಟರ್ ಕಂಪನಿಯಿಂದ ಮಾತಾಡಾಕತ್ತೀನ್ರಿ. ಹೇಳ್ರಿ, ಏನಾಗೇತಿ?” ಎಂದರೆ ಆ ಕ್ಷಣದಿಂದಲೇ ಮಾತು ಶುರುವಾಗುತ್ತದೆ.

ನಮ್ಮ ಕಡೆಯ ಮಾತಿನಲ್ಲಿ ಗೌರವವೆಂಬುದು ಬೇರೆ ಪದವಾಗಿ ಬರುವುದಿಲ್ಲ, ಕ್ರಿಯಾಪದದ ಬಾಲಕ್ಕೆ ‘ರಿ’ ಆಗಿ ಅಂಟಿಕೊಂಡಿರುತ್ತದೆ. ‘ದಯವಿಟ್ಟು’ ಎಂಬ ಮಾತನ್ನು ನಾವು ಅರ್ಜಿಯಲ್ಲಿ ಬರೆಯುತ್ತೇವೆ, ಬಸ್ಸಿನ ಗೋಡೆಯ ಮೇಲೆ ಓದುತ್ತೇವೆ. ಮನೆಗೆ ಬಂದ ಹಿರಿಯರಿಗೆ ‘ದಯವಿಟ್ಟು ಕುಳಿತುಕೊಳ್ಳಿ’ ಎಂದವರನ್ನು ನಾನಂತೂ ಕಂಡಿಲ್ಲ. ಆದ್ದರಿಂದ “ದಯವಿಟ್ಟು ಲೈನಿನಲ್ಲಿಯೇ ಇರಿ” ಎಂಬುದನ್ನು ತೆಗೆದು “ಒಂದ ನಿಮಿಷ ನಿಂದರ್ರಿ ಅಣ್ಣಾರ, ನಿಮ್ಮ ಬಿಲ್ ತಗದ ನೋಡ್ತೀನಿ” ಎಂದು ಬರೆದೆವು. ಇಲ್ಲಿ ನಲ್ಮೆಗಿಂತ ಹೆಚ್ಚಿನದೊಂದು ಲಾಭವಿದೆ. ಮುಂದಿನ ಮೌನ ಏಕೆಂದು ಕೇಳುವವನಿಗೆ ಗೊತ್ತಿರುವುದರಿಂದ ಅವನು ಫೋನ್ ಇಡುವುದಿಲ್ಲ.

ಆದರೆ ನಾನು ಈ ತಿದ್ದುಪಡಿಗೆ ಪಟ್ಟು ಹಿಡಿದದ್ದು ಒಂದೇ ಒಂದು ಪ್ರಶ್ನೆಯ ಸಲುವಾಗಿ. ಮೋಟರ್ ಸುಟ್ಟಿತೆಂಬ ದೂರು ಬಂದಾಗ ಅದು ಹೇಗೆ ಸುಟ್ಟಿತೆಂದು ತಿಳಿಯಲೇಬೇಕಾಗುತ್ತದೆ. ಪಂಪ್‌ಸೆಟ್ಟಿಗೆ ತ್ರೀ-ಫೇಸ್ ಕರೆಂಟ್ ಸಿಗುವುದು ದಿನಕ್ಕೆ 7 ತಾಸಿನ ಲೆಕ್ಕ. ಉಳಿದ ಹೊತ್ತಿನಲ್ಲಿ ಬೆಳೆ ಬಾಡುವುದನ್ನು ನೋಡಲಾರದೆ ಕಂಡೆನ್ಸರ್ ಕಟ್ಟಿ ಎರಡೇ ಫೇಸಿನ ಮೇಲೆ ಮೋಟರ್ ನಡೆಸುವವರು ಊರೂರಿಗೂ ಇದ್ದಾರೆ. ಹಾಗೆ ನಡೆಸಿದಾಗ ಮೂರು ಫೇಸು ಸಮವಾಗಿ ಹೊರಬೇಕಾದ ಭಾರ ಹಂಚಿಕೆ ತಪ್ಪಿ, ಕೆಲವು ಸುರುಳಿಗಳಲ್ಲಿ ಮಿತಿಮೀರಿದ ಕರೆಂಟ್ ಹರಿದು, ತಂತಿಯ ಮೇಲಿನ ಲೇಪ ಸುಡುತ್ತದೆ. ವಾರಂಟಿ ಇದಕ್ಕೆ ಅನ್ವಯಿಸುವುದಿಲ್ಲ. ಹಳೆಯ ಸ್ಕ್ರಿಪ್ಟು ಕೇಳುತ್ತಿದ್ದದ್ದು “ತಾವು ಉತ್ಪನ್ನವನ್ನು ಅನಧಿಕೃತ ರೀತಿಯಲ್ಲಿ ಬಳಸಿದ್ದೀರಾ?” ಎಂದು. ಪೊಲೀಸ್ ಠಾಣೆಯ ಪ್ರಶ್ನೆಯಂತಿರುವ ಇದಕ್ಕೆ ಎಲ್ಲರೂ ‘ಇಲ್ರಿ’ ಎನ್ನುತ್ತಿದ್ದರು.

ಶಿರಹಟ್ಟಿ ಕಡೆಯಿಂದ ಬಂದ ಒಂದು ಕರೆಯನ್ನೇ ತೆಗೆದುಕೊಳ್ಳಿ. ಎಂಟು ತಿಂಗಳ ಹಿಂದೆ ಕೊಂಡ 5 ಎಚ್‌ಪಿ ಮೋಟರು. ರೈತ ‘ಇಲ್ರಿ’ ಎಂದ, ದೂರು ದಾಖಲಾಯಿತು. ಮೆಕ್ಯಾನಿಕ್ ಹೋಗುವ ಹೊತ್ತಿಗೆ ನಾಲ್ಕು ದಿನ ಕಳೆದು ಮೆಣಸಿನ ಗಿಡ ಜೋತುಬಿದ್ದಿದ್ದವು. ಮೋಟರ್ ಬಿಚ್ಚಿದಾಗ ಒಳಗೆ ಕೆಲವು ಸುರುಳಿ ಕರ್ರಗಾಗಿ, ಉಳಿದವು ಹೊಸದರಂತೆ ಹೊಳೆಯುತ್ತಿದ್ದವು. ಫೇಸ್ ತಪ್ಪಿ ನಡೆದ ಮೋಟರಿನ ಗುರುತೇ ಅದು. ಒಟ್ಟು ಭಾರ ಹೆಚ್ಚಾಗಿ ಸುಟ್ಟಿದ್ದರೆ ಎಲ್ಲ ಸುರುಳಿಗಳೂ ಒಂದೇ ಸಮ ಕಪ್ಪಾಗುತ್ತವೆ. ವಾರಂಟಿ ಸಿಗಲಿಲ್ಲ, ನಾಲ್ಕು ದಿನವೂ ಹೋದವು. ಹೊಸ ಸ್ಕ್ರಿಪ್ಟಿನಲ್ಲಿ ನಾವು ಹೀಗೆ ಕೇಳುತ್ತೇವೆ: “ರಾತ್ರಿ ನಿಮ್ಮ ಕಡೆ ಕರೆಂಟ್ ಹೆಂಗ ಬರ್ತೈತ್ರಿ? ಎರಡ ಫೇಸ್ ಇದ್ದಾಗ ಕಂಡೆನ್ಸರ್ ಹಾಕಿ ನಡಸ್ತೀರೇನ್ರಿ?” ಇದಕ್ಕೆ ಜನ “ನಡಸಲಾರ್ದ ಏನ್ ಮಾಡೂದ್ರಿ ಮತ್ತ” ಎಂದು ಉತ್ತರ ಕೊಡುತ್ತಾರೆ. ಆ ಉತ್ತರ ಮೊದಲ ದಿನವೇ ಸಿಕ್ಕರೆ, ಅವನು ಅದೇ ಸಂಜೆ ವೈಂಡಿಂಗ್ ಅಂಗಡಿಗೆ ಹೋಗಬಹುದು.

ವಿರೋಧ

ಮೇಲಿನ ಲೇಖನದ ಕೊನೆಯ ಪ್ರಶ್ನೆಯಿಂದಲೇ ನಾನು ಆರಂಭಿಸುತ್ತೇನೆ, ಏಕೆಂದರೆ ಆ ಪ್ರಶ್ನೆಯ ನಂತರ ಏನಾಗುತ್ತದೆಂದು ಹೆಡ್‌ಫೋನ್ ಹಾಕಿಕೊಂಡು ಕೇಳುವುದು ನನ್ನ ಕೆಲಸ. ರೈತ ಮನಬಿಚ್ಚಿ ‘ಹೌದ್ರಿ, ನಡಸ್ತೀವಿ’ ಎನ್ನುತ್ತಾನೆ. ಈಚೆಯವನು ಅದನ್ನು ಕಂಪ್ಯೂಟರಿಗೆ ತುಂಬಿ, ಅಷ್ಟೇ ಇಂಪಾದ ಧ್ವನಿಯಲ್ಲಿ, ಹಾಗಾದರೆ ವಾರಂಟಿ ಬರುವುದಿಲ್ಲ ಎನ್ನುತ್ತಾನೆ. ಅಂಥದೊಂದು ಕರೆಯಲ್ಲಿ ವಯಸ್ಸಾದವರೊಬ್ಬರು ಹೇಳಿದ ಮಾತು ನನಗೆ ಮರೆತಿಲ್ಲ: “ಮನಿ ಮಗನಂಗ ಕೇಳಿದಿ, ಅದಕ ಹೇಳೀನಿ. ಈಗ ಅದನ್ನ ಹಿಡಕೊಂಡು ಇಲ್ಲ ಅಂತೀಯಲ್ಲೋ ತಮ್ಮಾ.” ಹಳೆಯ ಪ್ರಶ್ನೆ ಒರಟಾಗಿತ್ತು, ಒಪ್ಪುತ್ತೇನೆ. ಆದರೆ ತನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆಂದು ಅದನ್ನು ಕೇಳಿದವನಿಗೆ ತಿಳಿಯುತ್ತಿತ್ತು. ಹೊಸ ಪ್ರಶ್ನೆ ಕಟ್ಟೆಯ ಮೇಲಿನ ಹರಟೆಯ ವೇಷದಲ್ಲಿ ಬರುತ್ತದೆ, ಅದರ ಉತ್ತರ ಮಾತ್ರ ದಾಖಲೆಯಾಗುತ್ತದೆ.

ಆಡುಮಾತಿಗೆ ಇಳಿದಾಗ ಇನ್ನೊಂದು ಅಪಾಯವೂ ಇದೆ. “48 ತಾಸಿನೊಳಗೆ ನಮ್ಮ ಸಿಬ್ಬಂದಿ ತಮ್ಮನ್ನು ಸಂಪರ್ಕಿಸುತ್ತಾರೆ” ಎಂಬುದು ಒಣ ಮಾತು, ಆದರೆ ಎರಡರ್ಥಕ್ಕೆ ಎಡೆಯಿಲ್ಲದ್ದು. ಅದರ ಜಾಗಕ್ಕೆ ಬಂದ “ಮಾಡಿಕೊಡೋಣ್ರಿ, ನೀವೇನ್ ಕಾಳಜಿ ಮಾಡಬ್ಯಾಡ್ರಿ” ಎಂಬುದನ್ನು ಈ ಕಡೆಯ ಯಾರು ಕೇಳಿದರೂ ಕೊಟ್ಟ ಮಾತೆಂದೇ ತಿಳಿಯುತ್ತಾರೆ, ಮೂರನೆಯ ದಿನ ಫೋನ್ ಮಾಡಿ ‘ಮಾಡಿಕೊಡ್ತೀನಿ ಅಂದಿದ್ರೆಲ್ರಿ’ ಎಂದು ಕೇಳುತ್ತಾರೆ. ಅಷ್ಟು ಹೇಳಲು ಹೆದರಿ ‘ನೋಡೋಣ್ರಿ’ ಎಂದರೆ, ಕೆಲಸ ಆಗುವುದಿಲ್ಲವೆಂದು ಅದೇ ಜನ ಅರ್ಥ ಮಾಡಿಕೊಳ್ಳುತ್ತಾರೆ. ಆಡುಮಾತಿನ ನಲ್ಮೆಯೆಲ್ಲ ಕೆಲಸ ಮಾಡಿಕೊಡುವ ಅಧಿಕಾರ ಇದ್ದವರ ಬಾಯಲ್ಲಿ ಹುಟ್ಟಿದ್ದು. ಹೆಡ್‌ಫೋನ್ ಹಾಕಿಕೊಂಡ ಹುಡುಗನಿಗೆ ದೂರು ಬರೆದುಕೊಳ್ಳುವುದರ ಹೊರತು ಯಾವ ಅಧಿಕಾರವೂ ಇಲ್ಲ.

ಇನ್ನು ಅಂಕದ ಹಾಳೆಯ ವಿಚಾರ. ‘ಅಣ್ಣಾರ, ಅಕ್ಕಾರ ಎಂದು ಕರೆದರೇ?’ ಎಂಬ ಕಾಲಂ ಬಂದ ಮೇಲೆ ನಾಲ್ಕು ನಿಮಿಷದ ಒಂದು ಕರೆಯಲ್ಲಿ ಹನ್ನೊಂದು ಸಲ ‘ಅಣ್ಣಾರ’ ಬಂದದ್ದನ್ನು ನಾನೇ ಎಣಿಸಿದ್ದೇನೆ. ಅದು ದಪ್ಪ ಧ್ವನಿಯ ಒಬ್ಬ ಹೆಣ್ಣುಮಗಳ ಕರೆ. ಆಕೆ ಎರಡು ಸಲ ತಿದ್ದಿ, ಕೊನೆಗೆ ಬಿಟ್ಟುಬಿಟ್ಟರು. ಮೈಸೂರಿನ ಕಡೆಯಿಂದ ಅಪರೂಪಕ್ಕೆ ಬರುವ ಕರೆಗಳಲ್ಲಿ ನಮ್ಮ ‘ಏನ್ರಿ’ ಜಗಳದ ಧಾಟಿಯಂತೆ ಕೇಳಿಸುವುದೂ ಉಂಟು, ಆದರೆ ಅದು ಸಣ್ಣ ಮಾತು.

ಮೊದಲ ಸಾಲನ್ನು ಬದಲಿಸಲಿ, ‘ನಿಂದರ್ರಿ’ ಎನ್ನಲಿ, ಅದಕ್ಕೆ ನನ್ನ ತಕರಾರಿಲ್ಲ. ಕಂಡೆನ್ಸರಿನ ಪ್ರಶ್ನೆಗೆ ಮುಂಚೆ ಮಾತ್ರ ಒಂದು ಸಾಲು ಸೇರಿಸಬೇಕೆಂದು ಕೇಳಿದ್ದೆ: “ಈಗ ನೀವು ಹೇಳೂದರ ಮ್ಯಾಲೆ ವಾರಂಟಿ ನಿಂತೈತ್ರಿ, ವಿಚಾರ ಮಾಡಿ ಹೇಳ್ರಿ.” ಹಾಗೆ ಹೇಳಿದರೆ ಯಾರೂ ನಿಜ ಹೇಳುವುದಿಲ್ಲ ಎಂದು ತಿದ್ದಿದವರು ಅದನ್ನು ಬಿಟ್ಟರು. ಹೇಳದೇ ಇರಬಹುದು. ಹಾಗಿದ್ದರೆ ಆ ಪ್ರಶ್ನೆಯನ್ನು ಫೋನಿನಿಂದ ತೆಗೆದು ಮೆಕ್ಯಾನಿಕ್‌ಗೆ ಬಿಡಲಿ. ಬಿಚ್ಚಿದ ಮೋಟರ್ ಮುಂದೆ, ಕಪ್ಪಾದ ಸುರುಳಿಯನ್ನು ಇಬ್ಬರೂ ನೋಡುತ್ತಿರುವಾಗ ಅವನು ಕೇಳಲಿ.