ಸಣ್ಣ ಬಾಟಲಿಯ ದೊಡ್ಡಸ್ತಿಕೆ

ಮಗುವಿಗೆ ಜ್ವರ ಬಂದರೆ ಸಾಮಾನ್ಯವಾಗಿ ಕೊಡುವ ಔಷಧಿ ಒಂದೇ, ಪ್ಯಾರಾಸಿಟಮಾಲ್. ಆದರೆ ಅದು ನಮ್ಮ ಮೆಡಿಕಲ್ಸ್ ಅಂಗಡಿಗಳಲ್ಲಿ ಮೂರು ಅವತಾರ ಎತ್ತಿ ಕೂತಿರುತ್ತದೆ. ಮಂಡ್ಯದ ನೂರಡಿ ರಸ್ತೆಯಲ್ಲಿ ಕೇಳಿದರೂ ಮೈಸೂರಿನ ಶಿವರಾಂಪೇಟೆಯಲ್ಲಿ ಕೇಳಿದರೂ ಅಷ್ಟೇ. ಒಂದು, 15 ಮಿ.ಲೀ.ನ ಪುಟಾಣಿ ಬಾಟಲಿ, ಜೊತೆಗೊಂದು ಡ್ರಾಪರ್: ಇದು ಡ್ರಾಪ್ಸ್. ಇನ್ನೊಂದು, 60 ಮಿ.ಲೀ.ನ ಸಿರಪ್. ಮೂರನೆಯದು, ನೋಡಲು ಅದರಂತೆಯೇ ಇರುವ, ಹೆಸರಿನ ಮುಂದೆ 250 ಎಂದು ಹಾಕಿಕೊಂಡ ಸಿರಪ್. ಕಂಪನಿ ಒಂದೇ ಆದರೆ ಹೆಸರೂ ಒಂದೇ, ಡಬ್ಬಿಯ ಬಣ್ಣವೂ ಹೆಚ್ಚುಕಡಿಮೆ ಒಂದೇ.

ಇದನ್ನು ನೋಡಿದ ಲೋಕ ತನ್ನದೇ ಲೆಕ್ಕ ಹಾಕುತ್ತದೆ. ಚಿಕ್ಕ ಮಗುವಿಗೆ ಚಿಕ್ಕ ಬಾಟಲಿ ಮಾಡಿದ್ದಾರೆ ಅಂದಮೇಲೆ ಅದರೊಳಗಿನ ಔಷಧಿಯೂ ತೆಳುವಾಗಿಯೇ ಇರಬೇಕು. ದೊಡ್ಡ ಮಕ್ಕಳಿಗೆ ದೊಡ್ಡ ಬಾಟಲಿ, ಅದು ಸ್ವಲ್ಪ ಖಡಕ್. ಕೇಳಲು ಎಷ್ಟು ಚೆನ್ನಾಗಿದೆ! ನಿಜ ಮಾತ್ರ ನೇರ ತಲೆಕೆಳಗು. ಆ ಪುಟಾಣಿ ಬಾಟಲಿಯ ಒಂದು ಮಿ.ಲೀ.ನಲ್ಲಿ 100 ಮಿಲಿಗ್ರಾಂ ಔಷಧಿಯಿದೆ. ಸಾಮಾನ್ಯ ಸಿರಪ್ಪಿನ ಒಂದು ಮಿ.ಲೀ.ನಲ್ಲಿ ಇರುವುದು 25. ಅಂದರೆ ಕೈಗೂಸಿಗೆಂದು ಮಾಡಿದ ಔಷಧಿ, ಓಡಾಡುವ ಮಗುವಿನ ಔಷಧಿಗಿಂತ ನಾಲ್ಕು ಪಟ್ಟು ಗಟ್ಟಿ. ಇನ್ನೂ ಮಜಾ ಬೇಕಿದ್ದರೆ ಗುಣಿಸಿ ನೋಡಿ. ಹದಿನೈದು ನೂರಲೆ 1500, ಅರವತ್ತು ಇಪ್ಪತ್ತೈದಲೆ 1500. ಸಣ್ಣ ಬಾಟಲಿಯಲ್ಲಿಯೂ ದೊಡ್ಡ ಬಾಟಲಿಯಲ್ಲಿಯೂ ಇರುವ ಒಟ್ಟು ಔಷಧಿ ಸರಿಸಮ. ವ್ಯತ್ಯಾಸ ಇರುವುದು ಪಾಕದಲ್ಲಿ ಮಾತ್ರ.

ಲೇಬಲ್ ಓದಿದರೆ ತಿಳಿಯುವುದಿಲ್ಲವೇ ಎಂದು ಕೇಳುವ ಸಜ್ಜನರಿಗೆ ಒಂದು ನಮಸ್ಕಾರ. ಲೇಬಲ್ಲಿನಲ್ಲಿ ಎಲ್ಲವೂ ಇದೆ, ಇಂಗ್ಲಿಷಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ಸಿರಪ್ಪಿನ ಮೇಲೆ ‘ಪ್ರತಿ 5 ಮಿ.ಲೀ.ಗೆ 125 ಮಿಲಿಗ್ರಾಂ’ ಎಂದಿರುತ್ತದೆ. ಡ್ರಾಪ್ಸ್ ಮೇಲೆ ‘ಪ್ರತಿ ಮಿ.ಲೀ.ಗೆ 100 ಮಿಲಿಗ್ರಾಂ’ ಎಂದಿರುತ್ತದೆ. ಒಂದು ಕಡೆ ಐದಕ್ಕೆ ಲೆಕ್ಕ, ಇನ್ನೊಂದು ಕಡೆ ಒಂದಕ್ಕೆ. ಕನ್ನಡಕ ಹಾಕಿಕೊಂಡು ಕಷ್ಟಪಟ್ಟು ಓದಿದವರಿಗೂ ಕಣ್ಣಿಗೆ ಬೀಳುವುದು 125 ಮತ್ತು 100. ನೂರಿಪ್ಪತ್ತೈದಕ್ಕಿಂತ ನೂರು ಕಡಿಮೆ ತಾನೆ? ಹೀಗೆ, ಓದದವರು ಬಾಟಲಿ ನೋಡಿ ಮೋಸ ಹೋದರೆ ಓದಿದವರು ಅಂಕಿ ನೋಡಿ ಮೋಸ ಹೋಗುವ ಸಮಾನ ಅವಕಾಶವನ್ನು ನಮ್ಮ ವ್ಯವಸ್ಥೆ ಕಲ್ಪಿಸಿದೆ.

ನಮ್ಮ ಜಿಲ್ಲೆಯ ಜನಕ್ಕೆ ಲೆಕ್ಕ ಬರುವುದಿಲ್ಲ ಎನ್ನುವಂತಿಲ್ಲ. ಬೆಳಗಾದರೆ ಹಾಲಿನ ಡೈರಿಯ ಮುಂದೆ ನಿಂತು, ಫ್ಯಾಟ್ ನಿನ್ನೆಗಿಂತ ಒಂದು ಪಾಯಿಂಟ್ ಕಡಿಮೆ ಬಂದರೆ ಕಾರ್ಯದರ್ಶಿಯ ಕತ್ತಿನ ಪಟ್ಟಿ ಹಿಡಿಯುವವರು ಇವರೇ. ಒಂದು ಲೀಟರ್ ಹಾಲಿಗೂ ಇನ್ನೊಂದು ಲೀಟರ್ ಹಾಲಿಗೂ ಅಳತೆ ಒಂದೇ ಆದರೂ ‘ಗಟ್ಟಿತನ’ ಬೇರೆ, ಆದ್ದರಿಂದ ರೇಟೂ ಬೇರೆ ಎಂಬುದು ಅವರಿಗೆ ಬಾಯಿಪಾಠ. ಎಮ್ಮೆ ಹಾಲಿಗೆ ಸಿಕ್ಕಿದ ಈ ಮರ್ಯಾದೆ ಕೂಸಿನ ಔಷಧಿಗೆ ಸಿಗಲಿಲ್ಲ ಅಷ್ಟೆ. ಅಲ್ಲಿ ಯಂತ್ರ ಇಟ್ಟು, ಚೀಟಿ ಕೊಟ್ಟು, ಕನ್ನಡದಲ್ಲಿ ಬೋರ್ಡ್ ಬರೆದಿದ್ದಾರೆ. ಇಲ್ಲಿ ‘ಒಂದು ಚಮಚ ಹಾಕಿ’ ಎಂದಿದ್ದಾರೆ.

ಡ್ರಾಪ್ಸನ್ನು ಗಟ್ಟಿ ಮಾಡಿದ್ದರ ಹಿಂದೆ ದುರುದ್ದೇಶವೇನಿಲ್ಲ. ಮೂರು ತಿಂಗಳ ಕೂಸು ಒಂದು ಚಮಚ ಔಷಧಿಯಲ್ಲಿ ಅರ್ಧ ಉಗಿಯುತ್ತದೆ, ಉಳಿದದ್ದನ್ನು ಕುತ್ತಿಗೆಗೆ ಹರಿಸುತ್ತದೆ. ಅರ್ಧ ಮಿ.ಲೀ. ಆದರೆ ಕೆನ್ನೆಯ ಒಳಗಡೆಗೆ ಬಿಟ್ಟು ಮುಗಿಸಬಹುದು. ಉಪಾಯ ಒಳ್ಳೆಯದೇ. ಆ ಡ್ರಾಪರ್ ಕೊನೆಯವರೆಗೂ ಅದೇ ಬಾಟಲಿಯ ಜೊತೆ ಇರುತ್ತದೆ, ಚೀಟಿ ಬರೆದವರು ಯಾವ ಬಾಟಲಿ ನೆನೆದು ಬರೆದರೋ ಅಂಗಡಿಯವರು ಅದನ್ನೇ ಕೊಡುತ್ತಾರೆ ಎಂಬ ನಂಬಿಕೆಯ ಮೇಲೆ ಉಪಾಯ ನಿಂತಿದೆ. ಇಂಥ ನಂಬಿಕೆ ಇಟ್ಟವರು ಯಾವ ಊರಿನವರೋ, ನಮ್ಮ ಕಡೆಯವರಂತೂ ಅಲ್ಲ.

ಈಗ ಒಂದು ಕೂಸನ್ನು ಊಹಿಸಿಕೊಳ್ಳೋಣ. ಹದಿನಾಲ್ಕು ವಾರ, ತೂಕ 6 ಕೆ.ಜಿ. ಪೆಂಟಾವೇಲೆಂಟ್ ಚುಚ್ಚುಮದ್ದಿನ ಮೂರನೆಯ ಡೋಸ್ ಆಗಿದೆ, ಸಂಜೆಗೆ ಮೈ ಬೆಚ್ಚಗಾಗಿದೆ. ಪ್ಯಾರಾಸಿಟಮಾಲ್ ಲೆಕ್ಕ ಹೀಗೆ: ಒಂದು ಸಲಕ್ಕೆ ಕೆ.ಜಿ.ಗೆ 10ರಿಂದ 15 ಮಿಲಿಗ್ರಾಂ, ಎರಡು ಡೋಸ್ ನಡುವೆ ಕನಿಷ್ಠ ನಾಲ್ಕರಿಂದ ಆರು ಗಂಟೆ, ದಿನಕ್ಕೆ ಒಟ್ಟು ಕೆ.ಜಿ.ಗೆ 60 ಮಿಲಿಗ್ರಾಂ ಮೀರಬಾರದು. ಈ ಕೂಸಿಗೆ ಒಂದು ಸಲಕ್ಕೆ 60 ಮಿಲಿಗ್ರಾಂ ಸಾಕು. ಸಾಮಾನ್ಯ ಸಿರಪ್ ಆದರೆ 2.4 ಮಿ.ಲೀ. ಡಾಕ್ಟರು ಅದನ್ನು ಸುಲಭ ಮಾಡಿ ‘ಪ್ಯಾರಾಸಿಟಮಾಲ್ 2.5 ಮಿ.ಲೀ., ಆರು ಗಂಟೆಗೊಮ್ಮೆ’ ಎಂದು ಗೀಚಿದ್ದಾರೆ. ಸಿರಪ್ ಎಂದಾಗಲಿ 125 ಎಂದಾಗಲಿ ಬರೆದಿಲ್ಲ. ಅದು ಎಲ್ಲರಿಗೂ ಗೊತ್ತಿರುವ ವಿಷಯವಲ್ಲವೇ!

ರಾತ್ರಿ ಒಂಬತ್ತೂವರೆ. ಅಂಗಡಿಯ ಹುಡುಗ ಅರ್ಧ ಶಟರ್ ಎಳೆದಿದ್ದಾನೆ. “ಸಿರಪ್ ಖಾಲಿ ಕಣಕ್ಕ, ಡ್ರಾಪ್ಸ್ ಅದೆ, ತಕೊಳಿ. ಅದೂ ಇದೇ ಕಂಪ್ನಿದು, ಏನೂ ಯತ್ವಾಸ ಇಲ್ಲ.” ಮನೆಯಲ್ಲಿ ಅಜ್ಜಿಗೂ ಸಮಾಧಾನವೇ: “ಚಿಕ್ಕುದ್ಕೆ ಚಿಕ್ ಬಾಟ್ಲಿನೇ ಒಳ್ಳೇದು ಬುಡು.” ಬಾಟಲಿ ಬದಲಾಯಿತು, ಚೀಟಿಯ ಮೇಲಿನ 2.5 ಹಾಗೇ ಉಳಿಯಿತು. ಡ್ರಾಪರ್ ಹಿಡಿಯುವುದು ಒಂದೇ ಮಿ.ಲೀ. ಎರಡೂವರೆ ಸಲ ತುಂಬಿ ತುಂಬಿ ಒಳಲೆಗೆ ಬಿಟ್ಟು, ಸ್ವಲ್ಪ ನೀರು ಬೆರೆಸಿ, ಕೂಸಿನ ಬಾಯಿಗೆ ಇಟ್ಟರು. ಒಂದು ತೊಟ್ಟೂ ಚೆಲ್ಲಲಿಲ್ಲ. ಇಷ್ಟು ಶ್ರದ್ಧೆಯಿಂದ 250 ಮಿಲಿಗ್ರಾಂ ಹೋಯಿತು. ಹೋಗಬೇಕಾದದ್ದು 60.

ಒಂದು ಸಲಕ್ಕೆ ನಿಂತಿದ್ದರೆ ಅದು ಕೆ.ಜಿ.ಗೆ ಸುಮಾರು 42 ಮಿಲಿಗ್ರಾಂ. ತಪ್ಪೇ ಹೌದು, ಆದರೆ ಮಗುವಿನ ಲಿವರ್ ತಡೆದುಕೊಳ್ಳುತ್ತದೆ. ಚೀಟಿಯಲ್ಲಿ ಆರು ಗಂಟೆಗೊಮ್ಮೆ ಎಂದಿದೆಯಲ್ಲ, ನಮ್ಮ ಮನೆಗಳಲ್ಲಿ ಚೀಟಿಯ ಮಾತು ಮೀರುವವರು ಯಾರು? ದಿನಕ್ಕೆ ನಾಲ್ಕು ಸಲ, 1000 ಮಿಲಿಗ್ರಾಂ. ದೊಡ್ಡವರು ನುಂಗುವ 500ರ ಮಾತ್ರೆ ಎರಡನ್ನು ಆರು ಕೆ.ಜಿ.ಯ ಕೂಸು ದಿನವೊಂದಕ್ಕೆ ಕುಡಿದಂತಾಯಿತು. ಕೆ.ಜಿ.ಗೆ 167 ಮಿಲಿಗ್ರಾಂ. ಮಕ್ಕಳಲ್ಲಿ ದಿನಕ್ಕೆ ಕೆ.ಜಿ.ಗೆ 150ಕ್ಕಿಂತ ಹೆಚ್ಚು ಎರಡು ದಿನ ಸತತವಾಗಿ ಹೋದರೆ, ಇಲ್ಲವೇ 100ಕ್ಕಿಂತ ಹೆಚ್ಚು ಮೂರು ದಿನ ಹೋದರೆ ಲಿವರ್ ಪರೀಕ್ಷೆ ಆಗಲೇಬೇಕು. ಎರಡನೆಯ ದಿನದ ರಾತ್ರಿಗೆ ಈ ಮನೆ ಆ ಗೆರೆಯನ್ನು ದಾಟಿರುತ್ತದೆ.

ಸುಳಿವು ಸಿಗುವುದಿಲ್ಲವೇ? ಸಿಗುತ್ತದೆ, ಎರಡು. ಮೊದಲನೆಯದು ಡ್ರಾಪರ್. ಆರೇಳು ಕೆ.ಜಿ.ಯ ಕೂಸಿಗೆ ಒಂದು ಡೋಸ್ ಮುಗಿಸಲು ಡ್ರಾಪರನ್ನು ಎರಡನೆಯ ಸಲ ತುಂಬಬೇಕಾಗಿ ಬಂದರೆ ಅಲ್ಲೇ ಕೈ ನಿಲ್ಲಿಸಬೇಕು. ಎರಡನೆಯದು ಬಾಟಲಿ. ಸರಿಯಾದ 0.6 ಮಿ.ಲೀ. ಲೆಕ್ಕದಲ್ಲಿ 15 ಮಿ.ಲೀ. ಬಾಟಲಿ 25 ಸಲಕ್ಕೆ ಬರುತ್ತದೆ. ಎರಡೂವರೆಯ ಲೆಕ್ಕದಲ್ಲಿ ಆರೇ ಸಲಕ್ಕೆ, ಅಂದರೆ ಮರುದಿನವೇ ತಳ ಕಾಣುತ್ತದೆ. ಆಗ ಮನೆಯವರು ಏನು ಹೇಳುತ್ತಾರೆ? “ಈ ಕಂಪ್ನಿಯವ್ರು ಎಷ್ಟ್ ಕಮ್ಮಿ ತುಂಬ್ತಾರೆ ನೋಡು” ಎಂದು ಬೈದುಕೊಂಡು ಇನ್ನೊಂದು ಬಾಟಲಿ ತರುತ್ತಾರೆ.

ಮೈಯೊಳಗೆ ನಡೆಯುವುದು ಸದ್ದಿಲ್ಲದ ಕೆಲಸ. ಪ್ಯಾರಾಸಿಟಮಾಲಿನ ಸ್ವಲ್ಪ ಭಾಗ ಲಿವರಿನಲ್ಲಿ ವಿಷವಸ್ತುವಾಗಿ ಬದಲಾಗುತ್ತದೆ. ಅದನ್ನು ಕೊಲ್ಲಲು ಗ್ಲುಟಾಥಯೋನ್ ಎಂಬ ದಾಸ್ತಾನು ಅಲ್ಲೇ ಇರುತ್ತದೆ. ಔಷಧಿ ಮಿತಿಯಲ್ಲಿದ್ದರೆ ದಾಸ್ತಾನು ಸಾಕು. ಮಿತಿ ಮೀರಿದರೆ, ಅದರಲ್ಲೂ ಕೂಸು ಎರಡು ದಿನದಿಂದ ಹಾಲನ್ನೇ ಸರಿಯಾಗಿ ಕುಡಿದಿಲ್ಲದಿದ್ದರೆ, ದಾಸ್ತಾನು ಬರಿದಾಗಿ ವಿಷ ಲಿವರಿನ ಜೀವಕೋಶಗಳನ್ನೇ ಹಿಡಿಯುತ್ತದೆ. ಮೊದಲ ದಿನ ಹೊರಗೆ ಏನೂ ಕಾಣದಿರಬಹುದು. ಆಮೇಲೆ ವಾಂತಿ, ಮಂಕು, ಹಾಲು ಬೇಡ ಎನ್ನುವುದು. ಇವೆಲ್ಲ ಜ್ವರದ ಮಗುವಿಗೂ ಇರುವ ಲಕ್ಷಣಗಳೇ ಆದ್ದರಿಂದ ಮನೆಯವರು ಕೊಡುವ ಚಿಕಿತ್ಸೆ ಒಂದೇ: ಇನ್ನೊಂದು ಡೋಸ್.

ತಪ್ಪು ಗೊತ್ತಾದ ಕ್ಷಣವೇ ಹೊರಡಬೇಕು. ವಾಂತಿ ಮಾಡಿಸಬಾರದು, ಲಕ್ಷಣ ಬರಲಿ ಎಂದು ಕಾಯಲೂಬಾರದು. ಬಾಟಲಿ, ಡಬ್ಬಿ, ಡ್ರಾಪರ್ ಮೂರನ್ನೂ ಚೀಲಕ್ಕೆ ಹಾಕಿಕೊಂಡು, ಎಷ್ಟು ಗಂಟೆಗೆ ಎಷ್ಟು ಕೊಟ್ಟಿರಿ ಎಂಬುದನ್ನು ಒಂದು ಕಾಗದದ ಮೇಲೆ ಬರೆದುಕೊಂಡು ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಚೆಲುವಾಂಬಕ್ಕೋ ಹೋದರೆ, ರಕ್ತದಲ್ಲಿ ಔಷಧಿಯ ಮಟ್ಟ ಮತ್ತು ಲಿವರಿನ ಕಿಣ್ವಗಳನ್ನು ನೋಡಿ ಏನು ಮಾಡಬೇಕೆಂದು ವೈದ್ಯರು ತೀರ್ಮಾನಿಸುತ್ತಾರೆ. ಇದಕ್ಕೆ ಮದ್ದಿದೆ, ಅಸಿಟೈಲ್ ಸಿಸ್ಟೀನ್. ಒಂದೇ ಸಲ ಹೆಚ್ಚು ಕುಡಿಸಿದ್ದರೆ ಎಂಟು ಗಂಟೆಯೊಳಗೆ ಅದು ಶುರುವಾದಾಗ ಫಲ ಬಹಳ ಚೆನ್ನಾಗಿರುತ್ತದೆ. ದಿನಗಟ್ಟಲೆ ಕುಡಿಸಿದ್ದರೆ ಗಂಟೆ ಎಣಿಸುವುದು ಎಲ್ಲಿಂದ ಎಂಬುದೇ ಗೋಜಲು. ಬಾಟಲಿ ಬಿಟ್ಟು ಬಂದು “ಅದೇ ಸಾ, ಜ್ವರುದ್ದು, ಕೆಂಪುಗಿತ್ತು” ಎಂದರೆ ಡಾಕ್ಟರಿಗೆ ತಿಳಿಯುವುದು ಬಣ್ಣ ಮಾತ್ರ.

ಉಲ್ಟಾ ಕೇಸೂ ಉಂಟು. ಚೀಟಿಯಲ್ಲಿ ಡ್ರಾಪ್ಸ್ ಲೆಕ್ಕದ 0.6, ಕೈಯಲ್ಲಿ ಸಿರಪ್. ಒಳಗೆ ಹೋಗುವುದು 15 ಮಿಲಿಗ್ರಾಂ. ಜ್ವರ ಅಲುಗುವುದಿಲ್ಲ. “ಈ ಮಗೀಗೆ ಅರ್ಧ ಎಂ.ಎಲ್. ಸಾಲಕ್ಕಿಲ್ಲ” ಎಂಬ ತೀರ್ಪು ಮನೆಯಲ್ಲಿ ಹೊರಬಿದ್ದು, ಡೋಸ್ ಎರಡಾಗಿ ಮೂರಾಗಿ ಬೆಳೆಯುತ್ತದೆ. ಮುಂದಿನ ತಿಂಗಳು ಅಂಗಡಿಯವನು ನಿಜವಾದ ಡ್ರಾಪ್ಸ್ ಕೊಟ್ಟಾಗಲೂ ಅದೇ ತೀರ್ಪು ಜಾರಿಯಲ್ಲಿರುತ್ತದೆ.

ಅಮೆರಿಕದಲ್ಲೂ ಇದೇ ಗೊಂದಲವಿತ್ತು. ಅಲ್ಲಿನ ಶಿಶುಗಳ ಡ್ರಾಪ್ಸ್ ಕೂಡ 0.8 ಮಿ.ಲೀ.ಗೆ 80, ಅಂದರೆ ಮಿ.ಲೀ.ಗೆ 100 ಮಿಲಿಗ್ರಾಂ. 2011ರಲ್ಲಿ ತಯಾರಕರು ಆ ಗಟ್ಟಿ ಡ್ರಾಪ್ಸನ್ನು ಕೈಬಿಟ್ಟು, ಕೂಸಿಗೂ ದೊಡ್ಡ ಮಗುವಿಗೂ 5 ಮಿ.ಲೀ.ಗೆ 160 ಎಂಬ ಒಂದೇ ಪಾಕಕ್ಕೆ ಬರಲು ಒಪ್ಪಿದರು. ಪಾಪ, ಆಯ್ಕೆಯ ಸ್ವಾತಂತ್ರ್ಯ ಕಳೆದುಕೊಂಡರು. ನಮ್ಮ ಕಪಾಟಿನಲ್ಲಿ ಮೂರೂ ಭದ್ರವಾಗಿವೆ.

ಅದು ಬದಲಾಗುವವರೆಗೆ ಚೀಟಿ ಬರೆಯುವವರು ಇನ್ನೊಂದು ಸಾಲು ಶಾಯಿ ಖರ್ಚು ಮಾಡಬಹುದು: ಮಗುವಿನ ತೂಕ, ಒಂದು ಸಲಕ್ಕೆ ಎಷ್ಟು ಮಿಲಿಗ್ರಾಂ, ಯಾವ ಬಾಟಲಿ, ಅದರಲ್ಲಿ ಎಷ್ಟು ಮಿ.ಲೀ. ಅಂಗಡಿಯವರು ಬಾಟಲಿ ಬದಲಿಸಿದರೆ ಚೀಟಿಯ ಅಂಕಿಯನ್ನೂ ಬದಲಿಸಬೇಕು. ಬದಲಿಸಲು ಬಾರದಿದ್ದರೆ ಡಾಕ್ಟರಿಗೆ ಒಂದು ಫೋನ್ ಮಾಡಬೇಕು. ನಮ್ಮ ಆರು ಕೆ.ಜಿ.ಯ ಕೂಸಿಗೆ ಬೇಕಾದ ಅದೇ 60 ಮಿಲಿಗ್ರಾಂ ಡ್ರಾಪ್ಸಿನಲ್ಲಿ 0.6, ಸಾಮಾನ್ಯ ಸಿರಪ್ಪಿನಲ್ಲಿ 2.4, 250ರ ಸಿರಪ್ಪಿನಲ್ಲಿ 1.2 ಮಿ.ಲೀ. ಅಳೆಯಲು ಸೂಜಿ ಇಲ್ಲದ ಸಿರಿಂಜ್ ಕೇಳಿ ತೆಗೆದುಕೊಳ್ಳಿ, ಹತ್ತಿಪ್ಪತ್ತು ರೂಪಾಯಿಯೊಳಗಿನ ಮಾತು. ಹುಡುಗ “ಚಮಚ ಫ್ರೀ ಕೊಡ್ತೀನಿ ಬುಡಿ” ಎನ್ನುತ್ತಾನೆ. ಬೇಡ ಎನ್ನಿ.