ಕೊನೆ ಕೊಯ್ಲಿಗೆ ಬರುವುದಿಲ್ಲ ಅಂದ ಮೇಲೆ

ನೆದರ್‌ಲ್ಯಾಂಡ್ಸ್‌ನ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಸಹೋದ್ಯೋಗಿಯೊಬ್ಬನಿಗೆ ತಾಯಿಯ ಫೋನ್ ಬಂತು. ಶನಿವಾರ ಮನೆಗೆ ಬರಲಾ ಅಂತ ಕೇಳಿದರಂತೆ. ‘ಈ ವಾರ ಆಗಲ್ಲ, ಮುಂದಿನ ವಾರ ಬಾ’ ಅಂದ. ಫೋನ್ ಇಟ್ಟು ಬ್ರೆಡ್ ತಿನ್ನುತ್ತಾ ಕೂತ. ನನಗೆ ತುತ್ತು ಇಳಿಯಲಿಲ್ಲ. ಮೊದಲು ಅವನ ಮೇಲೆ ಸಿಟ್ಟು ಬಂತು, ಆಮೇಲೆ ಹೊಟ್ಟೆಕಿಚ್ಚು.

ಶಿರಸಿ ಕಡೆಯ ನಮ್ಮ ಮನೆಯಲ್ಲಿ ಹಿರಿಯರಿಗೆ ಹೀಗೆ ನೇರವಾಗಿ ಯಾರೂ ಹೇಳುವುದಿಲ್ಲ. ‘ನೋಡ್ವ’ ಅಂತ ತಳ್ಳುತ್ತೇವೆ. ಅವರು ಬರುತ್ತಾನೆ ಅಂತಲೇ ಲೆಕ್ಕ ಹಾಕಿಕೊಳ್ಳುತ್ತಾರೆ. ಕಡೆಗೆ ಹೋಗದಿದ್ದರೆ ಮಾತು ತಪ್ಪಿದ ಪಾಪ ಬೇರೆ.

ಹಾಗಾಗಿ ಹೋದ ಸಲ ಅಡಿಕೆಯ ಕೊನೆ ಕೊಯ್ಲಿಗೆ ಬಾ ಅಂತ ಅಪ್ಪಯ್ಯ ಕರೆದಾಗ ಮುಂಚೆಯೇ ಹೇಳಿಬಿಟ್ಟೆ. ಡಿಸೆಂಬರಿನಲ್ಲಿ ಆಗುವುದಿಲ್ಲ, ಮೇ ತಿಂಗಳಲ್ಲಿ ಬಂದು ಎರಡು ವಾರ ಇರುತ್ತೇನೆ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನ ಸಂಬಳ, ಅಡಿಕೆ ಸುಲಿಯುವವರ ಸಂಬಳ ನಾನು ಕಳಿಸುತ್ತೇನೆ. ಕಾರಣ ಮಾತ್ರ ಜಾಸ್ತಿ ಹೇಳಲಿಲ್ಲ. ರಜೆ ಇಲ್ಲ ಅಂದರೆ ಮ್ಯಾನೇಜರ್ ಹತ್ತಿರ ಕೇಳು ಅನ್ನುತ್ತಾರೆ, ಟಿಕೆಟ್ ದುಬಾರಿ ಅಂದರೆ ದುಡ್ಡು ನಾವು ಕೊಡುತ್ತೇವೆ ಅನ್ನುತ್ತಾರೆ. ಒಂದೊಂದು ಕಾರಣಕ್ಕೂ ಉತ್ತರ ಇರುತ್ತದೆ. ‘ಆತು’ ಅಂದ ಅಪ್ಪಯ್ಯ ಫೋನ್ ಇಟ್ಟ.

ಅಲ್ಲಿಂದ ಶುರು. ಮೊದಲು ಚಿಕ್ಕಪ್ಪನ ಫೋನ್. ಆಮೇಲೆ ಅಕ್ಕನದು: ‘ಅಪ್ಪಯ್ಯ ಸರಿಯಾಗಿ ಊಟ ಮಾಡ್ತ್ನಿಲ್ಲೆ.’ ಹೊಟ್ಟೆಯಲ್ಲಿ ಸಂಕಟ. ಟಿಕೆಟ್ ನೋಡಲು ಕೂತೆ. ಇಂಥ ಹೊತ್ತಲ್ಲಿ ಬಾಗುವವರೇ ಜಾಸ್ತಿ. ಬಾಗಿದರೆ ಮನೆಯವರಿಗೆ ಗೊತ್ತಾಗುವುದು ಇಷ್ಟೇ, ಮೂರನೇ ಫೋನಿಗೆ ಇವನು ಒಪ್ಪುತ್ತಾನೆ. ಯಾರೂ ಹುನ್ನಾರ ಮಾಡಬೇಕಿಲ್ಲ, ಮುಂದಿನ ಸಲ ಮೂರು ಫೋನ್ ತಾನಾಗಿ ಬರುತ್ತವೆ.

ಟಿಕೆಟ್ ತೆಗೆಯಲಿಲ್ಲ. ಯಾರಿಗಾದರೂ ನಿಜವಾಗಿ ತೊಂದರೆ ಆಗಿದೆಯಾ, ಇಲ್ಲ ಬರೀ ರೂಢಿ ಮುರಿದಿದೆಯಾ ಅಂತ ಯೋಚಿಸಿದೆ. ತೊಂದರೆ ಆಗಿದ್ದರೆ ಸರಿಮಾಡಬೇಕು. ಆಳು ಸಿಗದಿದ್ದರೆ ಇಲ್ಲಿಂದಲೇ ನಾಲ್ಕು ಕಡೆ ಕೇಳಿ ಹೊಂದಿಸಬೇಕು. ರೂಢಿ ಮುರಿದ ಸಂಕಟವಾದರೆ ಅದು ಇಳಿಯುವ ತನಕ ತಡೆದುಕೊಳ್ಳಬೇಕು. ಆಳು ಸಿಕ್ಕಿದ್ದರು. ಅಪ್ಪಯ್ಯನ ಹತ್ತಿರ ನಾನೇ ಮಾತಾಡುತ್ತೇನೆ, ನೀನು ನಡುವೆ ಬರಬೇಡ ಅಂತ ಅಕ್ಕನಿಗೆ ಹೇಳಿದೆ. ಭಾನುವಾರದ ಫೋನ್ ಮಾತ್ರ ಒಂದೂ ಬಿಡಲಿಲ್ಲ. ಆಗಲ್ಲ ಅಂದವನು ಮುಖವನ್ನೂ ತಪ್ಪಿಸಿದರೆ ಹೆತ್ತವರಿಗೆ ಮಗ ದೂರವಾದ ಅಂತಲೇ ಅನಿಸುತ್ತದೆ. ಕೊಯ್ಲು ಮುಗಿಯುವ ಹೊತ್ತಿಗೆ ಅಪ್ಪಯ್ಯ ತಾನಾಗಿ ಚಾಲಿ ಅಡಿಕೆಯ ದರದ ಸುದ್ದಿ ತೆಗೆದ.

ಇದೆಲ್ಲ ಗಟ್ಟಿಮುಟ್ಟಾಗಿರುವ ಅಪ್ಪ ಅಮ್ಮನ ವಿಷಯ. ಹಾಸಿಗೆ ಹಿಡಿದವರ ಲೆಕ್ಕ ಬೇರೆ. ಅದೇ ಸೂರಿನಡಿ ಇರುವ ಸೊಸೆಗೆ ನನ್ನ ಹಾಗೆ ಫೋನ್ ಇಟ್ಟು ಉಸಿರು ಬಿಡುವ ಅನುಕೂಲವೂ ಇಲ್ಲ. ಇನ್ನೊಂದನ್ನೂ ಒಪ್ಪಲೇಬೇಕು. ಆಯಿ ಕಾಲು ಮುರಿದುಕೊಂಡಾಗ ಯಾರೂ ಕರೆಯದೆ ಬಂದು ಅಡುಗೆಗೆ ನಿಂತದ್ದು ಅದೇ ಚಿಕ್ಕಪ್ಪನ ಮನೆಯವರು. ಇಲ್ಲಿ ನನಗೆ ಹಾಗಾದರೆ ಯಾರು ಬರುತ್ತಾರೋ. ಆದರೂ ಬರುವ ಡಿಸೆಂಬರಿಗೂ ನನ್ನ ಉತ್ತರ ಅದೇ.